ಒಮ್ಮೆ ಪ್ರತಿವಿಷ ಪಡೆದವರಿಗೆ ಮತ್ತೆ ಹಾವು ಕಚ್ಚಿದರೆ ರಕ್ಷಣೆ ಇದೆಯೇ?

ಪ್ರಶ್ನೆ: ಕಳೆದ ವರ್ಷ ಕಬ್ಬಿನ ಗದ್ದೆಯಲ್ಲಿ ನನ್ನ ತಮ್ಮನಿಗೆ ಕೊಳಕುಮಂಡಲ ಕಚ್ಚಿ, 20 ಸೀಸೆ ಪ್ರತಿವಿಷ ಕೊಟ್ಟಿದ್ದರು. ಅಷ್ಟು ಮದ್ದು ಮೈಯಲ್ಲಿರುವಾಗ ಇನ್ನು ಭಯವಿಲ್ಲ ಎಂದು ಬೂಟು ಹಾಕದೆ ಗದ್ದೆಗೆ ಇಳಿಯುತ್ತಾನೆ. ಇದು ಸರಿಯೇ ಡಾಕ್ಟರೇ?

ನಿವೃತ್ತ ಶಿಕ್ಷಕರು: ಪ್ರತಿವಿಷ ಉಳಿಯದಿರಬಹುದು. ಆದರೆ ದೇಹವು ವಿಷವನ್ನು ಒಮ್ಮೆ ಕಂಡಿದೆಯಲ್ಲವೇ? ಕುದುರೆಗೆ ವಿಷ ಚುಚ್ಚಿಯೇ ಪ್ರತಿವಿಷ ತಯಾರಿಸುತ್ತಾರೆ. ಹಾಗೆಯೇ ಇವರಲ್ಲೂ ರೋಧಶಕ್ತಿ ಬೆಳೆದಿರಬೇಕು.

ವೈದ್ಯರು: ಮೇಷ್ಟ್ರು ಕುದುರೆಯ ವಿಷಯದಲ್ಲಿ ಸರಿ. ಆದರೆ ಅದಕ್ಕೆ ತಿಂಗಳುಗಟ್ಟಲೆ ಸಣ್ಣ ಪ್ರಮಾಣದಿಂದ ಏರಿಸುತ್ತಾ ವಿಷ ಚುಚ್ಚುತ್ತಾರೆ. ಒಂದು ಕಡಿತದಿಂದ ನಂಬಬಹುದಾದ ರಕ್ಷಣೆ ಹುಟ್ಟುವುದಿಲ್ಲ. ಪ್ರತಿಕಾಯ ತಯಾರಿಸಲು ಕಲಿತದ್ದು ಕುದುರೆ. ನಿಮ್ಮ ತಮ್ಮನಿಗೆ ದೊರೆತದ್ದು ಅದರ ಸಿದ್ಧ ಫಲ ಮಾತ್ರ. ಕಾರ್ಖಾನೆಯಲ್ಲಿ ಆ ಪ್ರತಿಕಾಯದ ಬಾಲವನ್ನು ಕತ್ತರಿಸಿ, ವಿಷ ಹಿಡಿಯುವ ತುಂಡುಗಳನ್ನಷ್ಟೇ ಸೀಸೆಗೆ ತುಂಬುತ್ತಾರೆ. ನಮ್ಮ ಪ್ರತಿಕಾಯಗಳು ರಕ್ತದಲ್ಲಿ ವಾರಗಟ್ಟಲೆ ಉಳಿಯುವುದು ಆ ಬಾಲದಿಂದಲೇ. ಗರ್ಭಾವಸ್ಥೆಯ ಕೊನೆಯ ತಿಂಗಳುಗಳಲ್ಲಿ ಮಾಸು ಅವನ್ನು ಹಿಡಿದು ಮಗುವಿಗೆ ದಾಟಿಸುವುದೂ ಅದೇ ಬಾಲದ ಮೂಲಕ. ಬಾಲವಿಲ್ಲದ ತುಂಡುಗಳು ಕೆಲವು ದಿನಗಳಲ್ಲೇ ಹೊರಟುಹೋಗುತ್ತವೆ. ಬೂಟು ಹಾಕಲೇಬೇಕು.

ತಾಯಿಯೊಬ್ಬರು: ಹಾಗಾದರೆ ನನ್ನ ಮಗುವಿಗೆ 9 ತಿಂಗಳವರೆಗೆ ದಡಾರದ ಲಸಿಕೆ ಕೊಡದಿರುವುದು ನನ್ನ ಪ್ರತಿಕಾಯಗಳೇ ಸಾಕು ಎಂದೇ?

ವೈದ್ಯರು: ಇಲ್ಲಮ್ಮ. ಅವು ಕ್ರಮೇಣ ಕರಗುತ್ತವೆ. ಆದರೆ ಇರುವಷ್ಟು ದಿನ ಲಸಿಕೆಯ ವೈರಾಣುವನ್ನೂ ಹಿಡಿದುಬಿಡುವುದರಿಂದ ಮಗುವಿನ ದೇಹ ತಾನಾಗಿ ಕಲಿಯುವ ಅವಕಾಶ ತಪ್ಪುತ್ತದೆ. ನಾಯಿ ಕಚ್ಚಿದಾಗ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳನ್ನು ಚುಚ್ಚಿ, ಜೊತೆಗೆ ಲಸಿಕೆಯನ್ನೂ ಕೊಡುವಾಗ, ಮೊದಲನೆಯದು ಹೆಚ್ಚಾಗದಂತೆ ನೋಡಿಕೊಳ್ಳುವುದೂ ಇದೇ ಕಾರಣಕ್ಕೆ. ಅದು ತಕ್ಷಣದ ತಡೆ; ಸ್ವಂತ ಪ್ರತಿಕಾಯ ಬರಲು ವಾರವೋ ಎರಡು ವಾರವೋ ಬೇಕು.

ಪ್ರಶ್ನೆ ಕೇಳಿದವರು: ಮತ್ತೆ ಕಚ್ಚಿದರೆ ಅದೇ ಪ್ರತಿವಿಷ ಕೊಡಬಹುದೇ?

ವೈದ್ಯರು: ಕೊಡಲೇಬೇಕು. ದೇಹವು ಕಳೆದ ಬಾರಿ ಕುದುರೆಯ ಪ್ರೋಟೀನಿನ ವಿರುದ್ಧ ಪ್ರತಿಕಾಯ ಬೆಳೆಸಿಕೊಂಡಿರಬಹುದಾದ್ದರಿಂದ ಅಲರ್ಜಿಯ ಭಯವಿದೆ. ಹಿಂದೆ ಪಡೆದಿದ್ದನ್ನು ಆಸ್ಪತ್ರೆಯಲ್ಲಿ ನೀವು ಮೊದಲೇ ಹೇಳಿದರೆ, ಅಲರ್ಜಿಗೆ ಕೊಡುವ ಅಡ್ರಿನಲಿನ್ ಸಿದ್ಧವಿಟ್ಟುಕೊಳ್ಳುತ್ತಾರೆ. ಗಾಜಿನ ನಳಿಕೆಯಲ್ಲಿ ರಕ್ತವನ್ನು 20 ನಿಮಿಷ ಅಲುಗಾಡಿಸದೆ ಇಟ್ಟಾಗ ಹೆಪ್ಪುಗಟ್ಟದಿದ್ದರೆ ವಿಷ ಕೆಲಸ ಮಾಡುತ್ತಿದೆ ಎಂದರ್ಥ. 6 ಗಂಟೆಗೊಮ್ಮೆ ಮತ್ತೆ ನೋಡುತ್ತಾರೆ.

ಮಲೆನಾಡಿನ ಬೆಳೆಗಾರರು: ನಮ್ಮ ಕಾಫಿ ತೋಟದಲ್ಲಿ ಗೂನು ಮೂತಿಯ ಮಂಡಲಗಳಿವೆ. ಅವಕ್ಕೂ ಇದು ನಾಟುತ್ತದೆಯೇ?

ವೈದ್ಯರು: ನಮ್ಮ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ ಬೆಳೆಸಿದ್ದು, ನೀವು ಹೇಳಿದ ಹಾವು ಅದರಲ್ಲಿಲ್ಲ. ಅದು ಕಚ್ಚಿದವರಿಗೆ ರಕ್ತಸ್ರಾವಕ್ಕೂ ಮೂತ್ರಪಿಂಡಕ್ಕೂ ಆರೈಕೆ ಮಾಡುತ್ತೇವೆ. ಅದಕ್ಕೆಂದೇ ತಯಾರಿಸಿದ ಪ್ರತಿವಿಷ ನಮ್ಮ ಕೈಯಲ್ಲಿಲ್ಲ.