ಅನುಭವ ಹಂಚಿಕೆ: ಡಯಾಲಿಸಿಸ್ ರೋಗಿಗಳ ಸಂದರ್ಶನ, ಕೋಡ್‌ನಿಂದ ಥೀಮ್‌ಗೆ

ಕೇಳಿದವರು: ಡಯಾಲಿಸಿಸ್ ಮಾಡಿಸಿಕೊಳ್ಳುವ ಹದಿನೆಂಟು ಜನರ ಸಂದರ್ಶನ ಬರೆದಿಟ್ಟಿದ್ದೇನೆ. ಮಾತಿನ ತುಣುಕುಗಳಿಗೆ ಕೊಟ್ಟ ಹೆಸರುಗಳು, ಅಂದರೆ ಕೋಡ್‌ಗಳು, ಇನ್ನೂರು ದಾಟಿವೆ. ಅವನ್ನು ಒಟ್ಟುಗೂಡಿಸುವ ಅರ್ಥ, ಅಂದರೆ ಥೀಮ್, ಸಿಗುತ್ತಿಲ್ಲ. ಎರಡನೇ ಕೋಡರ್ ಬೇಕೇ ಬೇಕು ಎನ್ನುತ್ತಾರೆ ಮಾರ್ಗದರ್ಶಕರು. ಮಾಡಿದವರು ತಿಳಿಸಿ.

ನರ್ಸಿಂಗ್ ಬೋಧಕಿ, ಮಂಗಳೂರು: ನಾನು ಸಂಧಿವಾತ ಇರುವ ಮಹಿಳೆಯರನ್ನು ಮಾತನಾಡಿಸಿದ್ದೆ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಐದಾರು ಗಂಟೆ ಬೇಕು. ಟೈಪಿಂಗ್ ಹಣವೆಲ್ಲ ನನ್ನ ಸಂಬಳದಿಂದಲೇ ಹೋಯಿತು. ಎರಡನೇ ಕೋಡರ್‌ಗೂ ಸಂಭಾವನೆ ಕೊಟ್ಟೆ. ಇಬ್ಬರ ಕೋಡ್‌ಗಳು ಎಷ್ಟು ಹೊಂದುತ್ತವೆ ಎಂದು ಅಳೆಯುವ ಕಪ್ಪಾ ಮೊದಲು 0.6 ಬಂತು. ಕೋಡ್ ಪಟ್ಟಿಯನ್ನು ತಿದ್ದಿ ತಿದ್ದಿ 0.8 ದಾಟಿಸಿದೆ. ಪರೀಕ್ಷಕರು ತುಟಿ ಬಿಚ್ಚಲಿಲ್ಲ.

ಸಮಾಜಶಾಸ್ತ್ರ ಸಂಶೋಧಕ, ಧಾರವಾಡ: ತಿದ್ದುವಾಗ ಯಾವ ಕೋಡ್‌ಗಳು ಉದುರಿದವು ಎಂದು ನೋಡಿದಿರಾ? ನನ್ನ ಅಧ್ಯಯನವೂ ಡಯಾಲಿಸಿಸ್ ಬಗ್ಗೆಯೇ. ಒಬ್ಬ ಮಹಿಳೆ ಹೇಳಿದ್ದರು: “ಯಾರ ಮನೆಗೆ ಹೋದರೂ ಮೊದಲು ನೀರು ಕೊಡುತ್ತಾರೆ. ಬೇಡ ಎಂದರೆ ಕಾರಣ ಹೇಳಬೇಕು. ಹೋಗುವುದನ್ನೇ ಬಿಟ್ಟೆ.” ಇದಕ್ಕೆ ‘ನೀರಿನ ಮಿತಿ’ ಎಂಬ ಕೋಡ್ ಕೊಟ್ಟರೆ ಇಬ್ಬರೂ ತಕ್ಷಣ ಒಪ್ಪುತ್ತಾರೆ, ಕಪ್ಪಾ ಏರುತ್ತದೆ. ‘ಕಾಯಿಲೆ ಬಯಲಾಗದಂತೆ ಬಂಧುಗಳಿಂದ ದೂರ’ ಎಂದರೆ ಒಪ್ಪಿಗೆ ಕಷ್ಟ, ಆದರೆ ಅರ್ಥ ಇರುವುದು ಅಲ್ಲಿಯೇ. ಮದುವೆಗೆ ಹೋಗದಿರುವುದು, ಡಯಾಲಿಸಿಸ್ ಸೂಜಿ ಚುಚ್ಚಲು ಮಾಡಿದ ಫಿಸ್ಟುಲಾ ಇರುವ ಕೈಗೆ ತುಂಬುತೋಳು ತೊಡುವುದು ಇದರ ಪಕ್ಕಕ್ಕೆ ಬಂದಾಗ ನನಗೆ ಒಂದು ಥೀಮ್ ದೊರೆಯಿತು. ‘ಆರ್ಥಿಕ ಹೊರೆ’, ‘ಕುಟುಂಬದ ಬೆಂಬಲ’ ಎಂಬ ಹೆಸರುಗಳನ್ನು ಪ್ರಶ್ನಾವಳಿ ನೋಡಿಯೇ ಬರೆಯಬಹುದು. ಅಂಥವು ವಿಷಯದ ಶೀರ್ಷಿಕೆಗಳು ಮಾತ್ರ. 2006ರಲ್ಲಿ ಥೀಮ್ ಕಟ್ಟುವ ಈ ವಿಧಾನವನ್ನು ವಿವರಿಸಿದ ಬ್ರೌನ್ ಮತ್ತು ಕ್ಲಾರ್ಕ್ ಅವರೇ, ತಮ್ಮ ಬಗೆಯ ವಿಶ್ಲೇಷಣೆಗೆ ಕೋಡರ್‌ಗಳ ಒಮ್ಮತದ ಅಳತೆ ಹೊಂದುವುದಿಲ್ಲ ಎನ್ನುತ್ತಾರೆ.

ಬೋಧಕಿ: ಪುಸ್ತಕದ ಮಾತು ಸಾಕು. ನಿಯತಕಾಲಿಕಗಳು ಸಂದರ್ಶನದ ಅಧ್ಯಯನ ಏನೇನು ತಿಳಿಸಬೇಕು ಎಂಬ ಕೋರೆಕ್ ಪಟ್ಟಿ ಕೇಳುತ್ತವೆ, ಅದರಲ್ಲಿ ಕೋಡರ್‌ಗಳ ಪ್ರಶ್ನೆ ಇದೆ. ನನ್ನ ದುಡಿಮೆಯನ್ನು ಹೀಗೆ ತಳ್ಳಿಹಾಕಬೇಡಿ.

ಸಂಶೋಧಕ: ಎಷ್ಟು ಜನ ಕೋಡ್ ಮಾಡಿದರು ಎಂದು ತಿಳಿಸಿ ಎನ್ನುತ್ತದೆ ಅಷ್ಟೆ. ಇಬ್ಬರಿರಲೇಬೇಕು ಎಂದು ಎಲ್ಲಿದೆ ತೋರಿಸಿ. ಮೊದಲೇ ಕೋಡ್ ಪಟ್ಟಿ ಕಟ್ಟಿಕೊಂಡು, ತಂಡವಾಗಿ ಮಾಡುವ ಬಗೆಯಲ್ಲಿ ನಿಮ್ಮ ಕಪ್ಪಾಕ್ಕೆ ಸ್ಥಾನವಿದೆ. ಎರಡನ್ನೂ ಬೆರೆಸಬೇಡಿ.

ಡಯಾಲಿಸಿಸ್‌ನಲ್ಲಿರುವವರು, ಮೈಸೂರು: ನಾನೂ ಇಂಥ ಸಂದರ್ಶನ ಕೊಟ್ಟವನು. ಬರೆದದ್ದನ್ನು ಯಾರೂ ತಂದು ತೋರಿಸಲಿಲ್ಲ. ಬಂಧುಗಳ ಮನೆಗೆ ನಾನೂ ಹೋಗುವುದಿಲ್ಲ, ಆದರೆ ಮುಚ್ಚಿಡಲು ಅಲ್ಲ. ನನ್ನ ಕಾಯಿಲೆ ಊರಿಗೇ ಗೊತ್ತು. ಎದುರಿಗೆ ಎಲ್ಲರೂ ಗಟಗಟ ಮಜ್ಜಿಗೆ ಕುಡಿಯುವಾಗ ಒಣಗಿದ ಬಾಯಲ್ಲಿ ಕುಳಿತಿರಲು ನನ್ನಿಂದಾಗದು. ಮಿತಿ ಮೀರಿ ಕುಡಿದರೆ ಮುಂದಿನ ಸಲ ತೂಕ ನೋಡಿದ ಸಿಬ್ಬಂದಿಯ ಬೈಗುಳ, ಅಷ್ಟು ನೀರು ತೆಗೆಯುವಾಗ ಕಾಲು ಸೆಡೆತ. ಇದನ್ನೂ ಆ ಥೀಮಿಗೇ ಸೇರಿಸುತ್ತೀರಾ?

ಸಂಶೋಧಕ: ಸೇರಿಸಲಾರೆ. ನಿಮ್ಮಂತೆ ಹೇಳಿದವರಿದ್ದರೆ ಥೀಮನ್ನು ಒಡೆಯಬೇಕು. ಕೇಳಿದವರೇ, ‘ಹೋಗುವುದಿಲ್ಲ’ ಎಂದವರ ಮಾತುಗಳನ್ನೆಲ್ಲ ಮತ್ತೆ ತೆಗೆದು, ಯಾಕೆ ಎಂಬುದನ್ನು ಒಂದೊಂದಾಗಿ ಓದಿ.

ಬೋಧಕಿ: ನೋಡಿ, ಎರಡನೇ ಓದುಗರು ಬಂದದ್ದರಿಂದಲೇ ತಾನೇ ಇದು ಗೊತ್ತಾದದ್ದು?

ಸಂಶೋಧಕ: ಓದುಗರು ಬೇಡ ಎಂದು ನಾನೆಲ್ಲಿ ಹೇಳಿದೆ? ಬೇಡ ಎಂದದ್ದು ಅಂಕಿಯನ್ನು.