ಅಸಾದ್ ವಾರಂಟ್ ರದ್ದು, ಬ್ಯಾಂಕ್ ಗವರ್ನರ್ ಮೇಲಿನ ಕೇಸ್ ಹಾಗೇ: ಒಂದೇ ದಿನ ಎರಡು ತೀರ್ಪು ಯಾಕೆ?

ಸುಮಾ: 2025ರ ಜುಲೈ 25ರಂದು ಫ್ರಾನ್ಸಿನ ಅತ್ಯುನ್ನತ ಕೋರ್ಟು ಸಿರಿಯಾದ ಮಾಜಿ ಅಧ್ಯಕ್ಷ ಬಷರ್ ಅಲ್ ಅಸಾದ್ ಮೇಲಿನ ಬಂಧನ ವಾರಂಟನ್ನು ರದ್ದು ಮಾಡಿತು. ಅದೇ ದಿನ ಅದೇ ಕೋರ್ಟು, ಸಿರಿಯಾದ ಸೆಂಟ್ರಲ್ ಬ್ಯಾಂಕಿನ ಮಾಜಿ ಗವರ್ನರ್‌ಗೆ ಯಾವ ರಕ್ಷಣೆಯೂ ಇಲ್ಲ, ಕೇಸ್ ನಡೆಯಲಿ ಅಂದಿತು. ವಿಷಾನಿಲ ಹಾಕಿಸಿದ ಆರೋಪ ಇರುವವನು ಪಾರು, ಲೆಕ್ಕ ಬರೆದವನು ಕಟಕಟೆಯಲ್ಲಿ. ಇದು ಯಾವ ನ್ಯಾಯ? ವಕೀಲರು ಯಾರಾದ್ರೂ ಬಿಡಿಸಿ ಹೇಳ್ತೀರಾ?

ಶೈಲಜಾ, ವಕೀಲೆ: ಸುಮಾ ಅವರೇ, ನಿಮಗೆ ಬಂದಿರುವ ಸಿಟ್ಟು ಸರಿಯಾದದ್ದೇ. ಆದರೆ ಇಲ್ಲಿ ಇರುವುದು ಒಂದು ರಕ್ಷಣೆಯಲ್ಲ, ಎರಡು. ಎರಡಕ್ಕೂ ಕಾರಣ ಬೇರೆ, ಆಯಸ್ಸು ಬೇರೆ.

ಮೊದಲನೆಯದು ಕುರ್ಚಿಗೆ ಸಿಗುವ ರಕ್ಷಣೆ. ಇದನ್ನು ವೈಯಕ್ತಿಕ ವಿನಾಯಿತಿ ಅಂತೀವಿ. ದೇಶದ ಮುಖ್ಯಸ್ಥ, ಸರ್ಕಾರದ ಮುಖ್ಯಸ್ಥ, ವಿದೇಶಾಂಗ ಸಚಿವ, ಈ ಮೂವರಿಗೆ ಇದು ಇದ್ದೇ ಇದೆ. ಅಧಿಕಾರದಲ್ಲಿ ಇರುವಷ್ಟು ದಿನ ಬೇರೆ ದೇಶದ ಕೋರ್ಟು ಇವರನ್ನು ಮುಟ್ಟುವಂತಿಲ್ಲ. ಏನು ಮಾಡಿದರು, ಯಾವಾಗ ಮಾಡಿದರು, ಸರ್ಕಾರದ ಕೆಲಸಕ್ಕೆ ಮಾಡಿದರೋ ಸ್ವಂತಕ್ಕೋ ಅನ್ನುವ ಪ್ರಶ್ನೆಯೇ ಏಳುವುದಿಲ್ಲ. ಕುರ್ಚಿ ಹೋದ ದಿನ ಇದೂ ಹೋಗುತ್ತದೆ.

ಎರಡನೆಯದು ಕೆಲಸಕ್ಕೆ ಸಿಗುವ ರಕ್ಷಣೆ. ಸರ್ಕಾರದ ಪರವಾಗಿ ಮಾಡಿದ ಕೆಲಸಕ್ಕೆ ಆ ಅಧಿಕಾರಿಯನ್ನು ಪರದೇಶದಲ್ಲಿ ಹೊಣೆ ಮಾಡಬಾರದು, ಆ ಕೆಲಸ ದೇಶದ್ದು ಅಂತ. ಇದು ಪೇದೆಗೂ ಇದೆ, ಗವರ್ನರಿಗೂ ಇದೆ. ನಿವೃತ್ತಿ ಆದ ಮೇಲೂ ಉಳಿಯುತ್ತದೆ. ಆದರೆ ಇಲ್ಲಿ ಏನು ಮಾಡಿದರು ಅನ್ನುವುದೇ ಮುಖ್ಯ.

ಈಗ ಅಸಾದ್ ಕೇಸ್. 2013ರ ಆಗಸ್ಟ್‌ನಲ್ಲಿ ಡಮಾಸ್ಕಸ್ ಪಕ್ಕದ ಘೂಟಾ ಪ್ರದೇಶದ ಮೇಲೆ ಸರಿನ್ ಅನಿಲ ಬಿತ್ತು. ಸತ್ತವರು ಸಾವಿರಕ್ಕೂ ಹೆಚ್ಚು ಅನ್ನುವುದು ಅಮೆರಿಕ ಸರ್ಕಾರದ ಅಂದಾಜು. ಪ್ಯಾರಿಸ್ಸಿನ ತನಿಖಾ ನ್ಯಾಯಾಧೀಶರು 2023ರ ನವೆಂಬರ್‌ನಲ್ಲಿ ನಾಲ್ವರ ಮೇಲೆ ವಾರಂಟ್ ಹೊರಡಿಸಿದರು: ಅಸಾದ್, ಅವರ ತಮ್ಮ ಮಾಹೆರ್, ಇನ್ನಿಬ್ಬರು ಸೇನಾಧಿಕಾರಿಗಳು. ಅವತ್ತು ಅಸಾದ್ ಇನ್ನೂ ಅಧ್ಯಕ್ಷರು. ಇದೊಂದು ವಿಷಯ ನೆನಪಿಟ್ಟುಕೊಳ್ಳಿ. ಉಳಿದ ಮೂವರ ವಾರಂಟನ್ನು ಪ್ರಾಸಿಕ್ಯೂಷನ್ ಪ್ರಶ್ನಿಸಲೇ ಇಲ್ಲ. ಜಗಳವೆಲ್ಲ ಅಧ್ಯಕ್ಷರ ವಾರಂಟ್ ಮೇಲೆ.

2024ರ ಜೂನ್‌ನಲ್ಲಿ ಪ್ಯಾರಿಸ್ ಮೇಲ್ಮನವಿ ಕೋರ್ಟು ವಾರಂಟನ್ನು ಎತ್ತಿಹಿಡಿಯಿತು. ಸ್ವಂತ ಜನರ ಮೇಲೆ ವಿಷಾನಿಲ ಹಾಕುವುದು ಅಧ್ಯಕ್ಷನ ಕೆಲಸವೇ ಅಲ್ಲ, ಹಾಗಾಗಿ ರಕ್ಷಣೆ ಇಲ್ಲ ಅಂತ ಅದರ ವಾದ. ಕೇಳಲು ಮನಸ್ಸಿಗೆ ಹಿತ. ಆದರೆ ಎಡವಿದ್ದು ಅಲ್ಲೇ ಅಂತ ನನ್ನ ಅಭಿಪ್ರಾಯ. ಅಧ್ಯಕ್ಷನ ಕೆಲಸ ಹೌದೋ ಅಲ್ಲವೋ ಎಂದು ನೋಡುವುದು ಎರಡನೇ ರಕ್ಷಣೆಯ ಅಳತೆ. ಅದನ್ನು ಮೊದಲನೆಯದಕ್ಕೆ ಹಿಡಿದರು. ಕುರ್ಚಿಯ ರಕ್ಷಣೆ ಖಾಸಗಿ ಕೆಲಸಕ್ಕೂ ಇದೆ ಅಂದ ಮೇಲೆ, ಇದು ಸರ್ಕಾರಿ ಕೆಲಸ ಅಲ್ಲ ಅಂತ ತೋರಿಸಿದರೆ ಏನು ಬಂತು?

ಜುಲೈ 25ರಂದು ಮೇಲಿನ ಕೋರ್ಟು ಇದನ್ನೇ ಸರಿಪಡಿಸಿತು. 2023ರಲ್ಲಿ ಅವರು ಕುರ್ಚಿಯಲ್ಲಿದ್ದರು, ಆದ್ದರಿಂದ ವಾರಂಟ್ ಅವತ್ತೇ ಅಸಿಂಧು. 2024ರ ಡಿಸೆಂಬರ್ 8ಕ್ಕೆ ಅವರು ದೇಶ ಬಿಟ್ಟು ಓಡಿದರು ನಿಜ. ಆದರೆ ವಾರಂಟ್ ಸರಿಯೋ ತಪ್ಪೋ ಅಂತ ನೋಡುವುದು ಅದನ್ನು ಹೊರಡಿಸಿದ ದಿನದ ಸ್ಥಿತಿಯಿಂದ.

ನಾಗರಾಜ್: ಮೇಡಂ, ಒಪ್ಪೋದು ಕಷ್ಟ. ಚಿಲಿಯ ಪಿನೋಶೆಯನ್ನು 1998ರಲ್ಲಿ ಲಂಡನ್ನಿನಲ್ಲೇ ಬಂಧಿಸಿದ್ರಲ್ಲ. ದೇಶದ ಮುಖ್ಯಸ್ಥನಾದರೂ ಚಿತ್ರಹಿಂಸೆಗೆ ರಕ್ಷಣೆ ಇಲ್ಲ ಅಂತ ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿದೆ. ಆ ಕಾಲಕ್ಕೇ ಮುಗಿದ ಮಾತು ಇದು.

ಶೈಲಜಾ, ವಕೀಲೆ: ನಾಗರಾಜ್ ಸರ್, ಅರ್ಧ ಸರಿ. ಪಿನೋಶೆ ಅಧ್ಯಕ್ಷ ಸ್ಥಾನ ಬಿಟ್ಟಿದ್ದು 1990ರಲ್ಲಿ. ಲಂಡನ್ನಿನ ಆಸ್ಪತ್ರೆಯಲ್ಲಿ ಸಿಕ್ಕಿಬಿದ್ದಾಗ ಅವರು ಮಾಜಿ. ಅಂದರೆ ಅವರ ಹತ್ತಿರ ಉಳಿದಿದ್ದು ಎರಡನೇ ರಕ್ಷಣೆ ಮಾತ್ರ. ಕುರ್ಚಿಯಲ್ಲೇ ಇದ್ದಿದ್ದರೆ ಬಂಧಿಸುವಂತಿರಲಿಲ್ಲ ಅಂತ ಆ ತೀರ್ಪು ಕೊಟ್ಟ ಲಾರ್ಡ್‌ಗಳೇ ಹೇಳಿದ್ದಾರೆ.

ಇನ್ನೊಂದು ವಿಷಯ ಜನ ಮರೆಯುತ್ತಾರೆ. 1999ರ ಮಾರ್ಚ್ 24ರ ತೀರ್ಪು ಅಷ್ಟೇನೂ ಅಗಲವಾದದ್ದಲ್ಲ. ಚಿತ್ರಹಿಂಸೆ ವಿರುದ್ಧದ ಒಪ್ಪಂದಕ್ಕೆ, ಅವರನ್ನು ಒಪ್ಪಿಸಿ ಅಂತ ಕೇಳಿದ್ದ ಸ್ಪೇನ್, ಜೊತೆಗೆ ಚಿಲಿ, ಬ್ರಿಟನ್ ಮೂರೂ ಸೇರಿದ್ದು 1988ರ ಕೊನೆಗೆ. ಅದಕ್ಕೂ ಹಿಂದಿನ ಆರೋಪಗಳಲ್ಲಿ ಹೆಚ್ಚಿನವು ಬಿದ್ದುಹೋದವು. 1973ರ ದಂಗೆಯ ನಂತರದ ಕರಾಳ ವರ್ಷಗಳೆಲ್ಲ ಅದರಲ್ಲೇ ಹೋಯಿತು. ಕೊನೆಗೆ 2000ದ ಮಾರ್ಚ್‌ನಲ್ಲಿ ಅನಾರೋಗ್ಯದ ಕಾರಣಕ್ಕೆ ಅವರನ್ನು ಮನೆಗೆ ಕಳಿಸಿದರು.

ಕುರ್ಚಿಯಲ್ಲಿ ಇರುವವರ ವಿಷಯಕ್ಕೆ ನೋಡಬೇಕಾದದ್ದು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ 2002ರ ತೀರ್ಪು. ಕಾಂಗೋದ ವಿದೇಶಾಂಗ ಸಚಿವ ಯೆರೋಡಿಯಾ ಮೇಲೆ ಬೆಲ್ಜಿಯಂ ನ್ಯಾಯಾಧೀಶರೊಬ್ಬರು ವಾರಂಟ್ ಹೊರಡಿಸಿದ್ದರು. ಟುಟ್ಸಿ ಜನರ ವಿರುದ್ಧ ದ್ವೇಷ ಭಾಷಣ ಮಾಡಿದ ಆರೋಪ. ತೀರ್ಪು ಬರುವ ಹೊತ್ತಿಗೆ ಅವರು ಸಚಿವರಾಗಿ ಇರಲೇ ಇಲ್ಲ. ಆದರೂ ಹೊರಡಿಸಿದ ದಿನ ಸಚಿವರಾಗಿದ್ದರು ಅಂತ ವಾರಂಟ್ ರದ್ದು ಮಾಡಲು ಕೋರ್ಟು ಆದೇಶಿಸಿತು. ಅಸಾದ್ ವಾರಂಟ್‌ಗೆ ಆಗಿದ್ದೂ ಅದೇ.

ಪ್ರವೀಣ್: ಫ್ರಾನ್ಸ್ 2012ರಿಂದ ಅಸಾದ್ ಸರ್ಕಾರವನ್ನು ಒಪ್ಪುವುದನ್ನೇ ಬಿಟ್ಟಿತ್ತಲ್ವಾ? ಅಧ್ಯಕ್ಷ ಅಂತಾನೇ ಒಪ್ಪದವನಿಗೆ ಅಧ್ಯಕ್ಷನ ರಕ್ಷಣೆ ಯಾಕೆ?

ಶೈಲಜಾ, ವಕೀಲೆ: ಒಳ್ಳೆ ಪ್ರಶ್ನೆ. ವಾರಂಟ್ ಉಳಿಸಲು ಅತ್ಯುನ್ನತ ಕೋರ್ಟಿನ ಪ್ರಾಸಿಕ್ಯೂಟರ್ ಜನರಲ್ ಹಿಡಿದ ದಾರಿಯೇ ಇದು. ಕೋರ್ಟು ಒಪ್ಪಲಿಲ್ಲ. ಯಾರನ್ನು ಒಪ್ಪಬೇಕು, ಬಿಡಬೇಕು ಅನ್ನುವುದು ಸರ್ಕಾರದ ರಾಜಕೀಯ ತೀರ್ಮಾನ. ಅದೊಂದರಿಂದ ರಕ್ಷಣೆ ಹೋಗುವುದಾದರೆ ಯಾವ ದೇಶವೂ ತನಗಾಗದ ನಾಯಕನನ್ನು "ನಾವು ಒಪ್ಪಲ್ಲ" ಅಂತ ಹೇಳಿ ವಿಮಾನ ನಿಲ್ದಾಣದಲ್ಲೇ ಹಿಡಿಯಬಹುದು. ನಾಳೆ ನಮ್ಮ ಪ್ರಧಾನಿಗೂ ಅದೇ ಆಗಬಹುದು. ನನಗೆ ಈ ಭಾಗ ಪೂರ್ತಿ ಸರಿ ಅನ್ನಿಸುತ್ತದೆ.

ವಿಠಲ, ಮಲ್ಪೆ: ನಾನು ಕಾನೂನು ಓದಿದವನಲ್ಲ. ನಮ್ಮದು ಮೀನುಗಾರಿಕೆ ಬೋಟು. 2012ರಲ್ಲಿ ಕೇರಳದ ಕಡಲಲ್ಲಿ ಇಟಲಿ ಹಡಗಿನ ಸೈನಿಕರು ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ಆವತ್ತಿಂದ ದೊಡ್ಡ ಹಡಗು ಕಂಡರೆ ನಮ್ಮ ಹುಡುಗರು ಹೆದರಿ ದೂರ ತಿರುಗಿಸುತ್ತಾರೆ. ಆ ಸೈನಿಕರು ಯಾವ ಕುರ್ಚಿಯಲ್ಲಿದ್ದರು? ಅವರನ್ನು ಯಾಕೆ ಬಿಟ್ಟರು?

ಶೈಲಜಾ, ವಕೀಲೆ: ವಿಠಲಣ್ಣ, ಅದು ಎರಡನೇ ರಕ್ಷಣೆ. ಎನ್ರಿಕಾ ಲೆಕ್ಸಿ ಅನ್ನುವ ತೈಲ ಹಡಗಿನಲ್ಲಿ ಕಾವಲಿಗೆ ಇದ್ದವರು ಖಾಸಗಿ ಕಾವಲುಗಾರರಲ್ಲ, ಇಟಲಿಯ ನೌಕಾಪಡೆಯ ಯೋಧರು. ಕಡಲ್ಗಳ್ಳರು ಅಂದುಕೊಂಡು ಗುಂಡು ಹಾರಿಸಿದೆವು ಅಂದರು. ನಮ್ಮ ಕೋರ್ಟಿನಲ್ಲಿ ಕೇಸ್ ಎಳೆದು ಎಳೆದು, ಕೊನೆಗೆ ಅದು ಅಂತರರಾಷ್ಟ್ರೀಯ ಪಂಚಾಯ್ತಿ ಮಂಡಳಿಗೆ ಹೋಯಿತು. 2020ರಲ್ಲಿ ಐವರ ಮಂಡಳಿ ಮೂರು-ಎರಡರ ಬಹುಮತದಲ್ಲಿ ಹೇಳಿತು: ಇವರು ಇಟಲಿ ಸರ್ಕಾರದ ಕೆಲಸದ ಮೇಲೆ ಇದ್ದವರು, ಭಾರತ ಇವರನ್ನು ವಿಚಾರಣೆ ಮಾಡುವಂತಿಲ್ಲ. ಜೊತೆಗೆ, ಬೋಟಿನ ಸಂಚಾರ ಸ್ವಾತಂತ್ರ್ಯಕ್ಕೆ ಇಟಲಿ ಅಡ್ಡಿ ಮಾಡಿದೆ, ಪರಿಹಾರ ಕೊಡಬೇಕು ಅಂತಲೂ ಹೇಳಿತು. 10 ಕೋಟಿ ರೂಪಾಯಿ ಬಂತು. 2021ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಇಲ್ಲಿನ ಕೇಸ್ ಮುಗಿಸಿತು. ಇಟಲಿ ತಾನೇ ವಿಚಾರಿಸುತ್ತೇನೆ ಅಂದಿತ್ತು. 2022ರಲ್ಲಿ ರೋಮ್‌ನ ನ್ಯಾಯಾಧೀಶರೊಬ್ಬರು ಅದನ್ನೂ ಕೈಬಿಟ್ಟರು.

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಆ ಮಂಡಳಿಯ ಐವರಲ್ಲಿ ಇಬ್ಬರಿಗೆ ಈ ರಕ್ಷಣೆ ಸರಿ ಕಾಣಲಿಲ್ಲ ಅನ್ನುವುದನ್ನು ಮರೆಯಬೇಡಿ.

ಸುಮಾ: ಹಾಗಾದ್ರೆ ಸೈನಿಕರಿಗೆ ಸಿಕ್ಕಿದ ರಕ್ಷಣೆ ಬ್ಯಾಂಕ್ ಗವರ್ನರ್‌ಗೆ ಯಾಕೆ ಸಿಗಲಿಲ್ಲ? ಅವರೂ ಸರ್ಕಾರದ ಕೆಲಸಾನೇ ಮಾಡಿದ್ದಲ್ವಾ?

ಶೈಲಜಾ, ವಕೀಲೆ: ಗಂಟು ಇರುವುದು ಇಲ್ಲೇ. ಗವರ್ನರ್ ಆದೀಬ್ ಮಯಾಲೆ ಮೇಲಿನ ಆರೋಪ, ಅಸಾದ್ ಆಡಳಿತಕ್ಕೆ ಹಣ ಒದಗಿಸಿ ಯುದ್ಧಾಪರಾಧಗಳಿಗೆ, ಮಾನವತೆಯ ವಿರುದ್ಧದ ಅಪರಾಧಗಳಿಗೆ ನೆರವಾದರು ಅನ್ನುವುದು. ಬ್ಯಾಂಕ್ ಗವರ್ನರ್ ಹುದ್ದೆ ಆ ಮೂರು ಕುರ್ಚಿಗಳಲ್ಲಿ ಇಲ್ಲ. ಹಾಗಾಗಿ ಕೆಲಸದ ರಕ್ಷಣೆಯ ಪ್ರಶ್ನೆ ಮಾತ್ರ. ನರಮೇಧ, ಮಾನವತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ, ಇವಕ್ಕೆ ಆ ರಕ್ಷಣೆ ಸಲ್ಲದು ಅಂತ ಕೋರ್ಟು ಹೇಳಿತು. ಆ ಇಬ್ಬರು ಮೀನುಗಾರರ ಕೊಲೆ ಎಷ್ಟೇ ಘೋರವಾದರೂ ಈ ಪಟ್ಟಿಗೆ ಬರುವುದಿಲ್ಲ.

ಈಗ ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿ. ಅಸಾದ್ ಈಗ ಮಾಜಿ. ಕುರ್ಚಿಯ ರಕ್ಷಣೆ ಹೋಯಿತು. ಉಳಿದಿದ್ದು ಅಧಿಕಾರದಲ್ಲಿ ಇದ್ದಾಗ ಮಾಡಿದ್ದಕ್ಕೆ ಕೆಲಸದ ರಕ್ಷಣೆ. ಯುದ್ಧಾಪರಾಧಕ್ಕೆ ಅದೂ ಇಲ್ಲ ಅಂತ ಗವರ್ನರ್ ಕೇಸಿನಲ್ಲಿ ಅವತ್ತೇ ತೀರ್ಮಾನವಾಗಿದೆ. ಅಂದರೆ ಗವರ್ನರ್ ವಿರುದ್ಧ ಬಂದ ತೀರ್ಪೇ ಅಸಾದ್ ಮೇಲೆ ಹೊಸ ವಾರಂಟಿಗೆ ದಾರಿ ಮಾಡಿತು. ಹೊಸದನ್ನು ಹೊರಡಿಸಬಹುದು ಅಂತ ಕೋರ್ಟಿನ ಅಧ್ಯಕ್ಷರೇ ಹೇಳಿದರು. ತಿಂಗಳು ಮುಗಿಯುವುದರೊಳಗೆ ಅದೇ ಘೂಟಾ ದಾಳಿಗೆ ಹೊಸ ವಾರಂಟ್ ಬಂತು. ರದ್ದಾಗಿದ್ದು ವಾರಂಟ್ ಮಾತ್ರ. ಬದುಕುಳಿದವರ ಹೇಳಿಕೆ, ದಾಖಲೆಗಳೆಲ್ಲ ಹಾಗೇ ಇದ್ದವು.

ನಾಗರಾಜ್: ಆದ್ರೆ ಈ "ಯುದ್ಧಾಪರಾಧಕ್ಕೆ ಕೆಲಸದ ರಕ್ಷಣೆ ಇಲ್ಲ" ಅನ್ನೋದನ್ನು ಎಲ್ಲ ದೇಶಗಳೂ ಒಪ್ಪಿವೆಯಾ?

ಶೈಲಜಾ, ವಕೀಲೆ: ಇಲ್ಲ ಸರ್. ಜರ್ಮನಿಯ ಕೋರ್ಟುಗಳು ಒಪ್ಪಿವೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗದಲ್ಲಿ 2017ರಲ್ಲಿ ಇದೇ ವಿಷಯ ಮತಕ್ಕೆ ಹೋಯಿತು. ಅಲ್ಲಿ ಸಾಮಾನ್ಯವಾಗಿ ಒಮ್ಮತದಿಂದ ಮುಗಿಸುತ್ತಾರೆ. ಈ ಸಲ 21 ಮಂದಿ ಪರ, 8 ಮಂದಿ ವಿರೋಧ. ವಿರೋಧಿಸಿದವರಲ್ಲಿ ಭಾರತೀಯ ಸದಸ್ಯರೂ ಇದ್ದರು. ಇದು ಈಗಾಗಲೇ ಇರುವ ಕಾನೂನೋ, ಆಗಬೇಕು ಅಂತ ಆಸೆಪಡುವ ಕಾನೂನೋ ಅನ್ನುವುದೇ ಅಲ್ಲಿನ ಜಗಳ. ನನ್ನ ಮನಸ್ಸು ಫ್ರಾನ್ಸಿನ ಕಡೆಗೆ. ಆದರೆ ಎಲ್ಲ ಕಡೆ ಇತ್ಯರ್ಥವಾದ ಮಾತು ಅಂತ ಕೋರ್ಟಿನಲ್ಲಿ ನಿಂತು ಹೇಳಲಾರೆ.

ಪ್ರವೀಣ್: ಅಸಾದ್ ಕೂತಿರೋದು ರಷ್ಯಾದಲ್ಲಿ. ಹೊಸ ವಾರಂಟ್ ಇಟ್ಟುಕೊಂಡು ಏನು ಮಾಡ್ತಾರೆ? ಸುಮ್ನೆ ಕಾಗದ.

ಶೈಲಜಾ, ವಕೀಲೆ: ರಷ್ಯಾ ಒಪ್ಪಿಸುವ ಲಕ್ಷಣ ಇಲ್ಲ, ನಿಜ. ಆದರೆ ಫ್ರಾನ್ಸಿನಲ್ಲಿ ಆರೋಪಿ ಗೈರಾದರೂ ವಿಚಾರಣೆ ನಡೆಸಬಹುದು. 2024ರ ಮೇ ತಿಂಗಳಲ್ಲಿ ಪ್ಯಾರಿಸ್ ಕೋರ್ಟು ಸಿರಿಯಾದ ಮೂವರು ಗುಪ್ತಚರ ಅಧಿಕಾರಿಗಳಿಗೆ ಹಾಗೆಯೇ ಜೀವಾವಧಿ ಶಿಕ್ಷೆ ಕೊಟ್ಟಿತು. ಸತ್ತಿದ್ದು ಫ್ರೆಂಚ್ ಪೌರತ್ವವೂ ಇದ್ದ ಒಬ್ಬ ತಂದೆ, ಅವರ ಮಗ. ಅಲ್ಲಿ ಕುರ್ಚಿಯ ಪ್ರಶ್ನೆ ಬರಲಿಲ್ಲ, ಯಾಕೆಂದರೆ ಆ ಮೂವರೂ ಅಧಿಕಾರಿಗಳು. ಅಸಾದ್ ಈಗ ಕಾನೂನಿನ ಕಣ್ಣಲ್ಲಿ ಅವರ ಸಾಲಿಗೇ ಬಂದಿದ್ದಾರೆ.

ವಿಠಲ, ಮಲ್ಪೆ: ಫ್ರಾನ್ಸಿನವರು ಗೈರಲ್ಲಾದರೂ ಶಿಕ್ಷೆ ಕೊಟ್ಟರು. ನಮ್ಮ ಆ ಇಬ್ಬರ ಮನೆಯವರಿಗೆ ದುಡ್ಡು ಬಂತು, ತಪ್ಪು ಯಾರದು ಅಂತ ಒಂದು ಕೋರ್ಟೂ ಹೇಳಲಿಲ್ಲ. ಇದನ್ನು ನಾನು ಒಪ್ಪಲ್ಲ ಮೇಡಂ.

ಶೈಲಜಾ, ವಕೀಲೆ: ಒಪ್ಪಬೇಕಾಗಿಲ್ಲ ಅಣ್ಣ. ಈ ರಕ್ಷಣೆ ಅಧಿಕಾರಿಯದ್ದಲ್ಲ, ಅವನ ದೇಶದ್ದು. ಆ ದೇಶ ಬೇಕಾದರೆ ಬಿಟ್ಟುಕೊಡಬಹುದು. ಇಟಲಿ ಬಿಟ್ಟುಕೊಡಲಿಲ್ಲ. ಕಾವಲಿಗೆ ನಿಂತ ಸೈನಿಕ ಗುಂಡು ಹಾರಿಸಿ ಬಡ ಮೀನುಗಾರ ಸತ್ತರೆ ಅದು ಕೂಡ ದೇಶದ ಕೆಲಸವೇ ಆಗುತ್ತದಾ ಅನ್ನುವ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ.