ಕೆಲಸ ಒಪ್ಪಿಸಿದ್ಮೇಲೆ ಎಷ್ಟು ಸಲ ಇಣುಕಿ ನೋಡ್ಬೇಕು?

ತುಮಕೂರಿನ ಸದಸ್ಯ:
ಎಲ್ರಿಗೂ ನಮಸ್ಕಾರ. ಟ್ಯಾಕ್ಸ್ ಆಫೀಸೊಂದ್ರಲ್ಲಿ ಕೆಲ್ಸ, ಎರಡು ತಿಂಗ್ಳ ಹಿಂದೆ 4 ಜನದ ಟೀಮಿಗೆ ನನ್ನ ಸೂಪರ್‌ವೈಸರ್ ಮಾಡಿದ್ರು. ಹೊಸ ಹುಡುಗಿಗೆ 6 ಪಾರ್ಟಿಗಳ ಜಿಎಸ್‌ಟಿ ಕೊಟ್ಟಿದ್ದೆ, ಕೇಳ್ದಾಗೆಲ್ಲಾ "ಆಗ್ತಿದೆ ಸರ್" ಅಂತಿದ್ಲು. 19ನೇ ತಾರೀಖು ರಾತ್ರಿ ತೆಗ್ದು ನೋಡಿದ್ರೆ ಒಬ್ಬ ಪಾರ್ಟಿ ಮನೆಗೆ ತಗೊಂಡ ಕಾರಿನ ಬಿಲ್ಲಿನ ಇನ್‌ಪುಟ್ಟೂ, ಅಂದ್ರೆ ಅದ್ರ ಮೇಲೆ ಕಟ್ಟಿದ ಟ್ಯಾಕ್ಸೂ, ಕಳೆಯೋದ್ರಲ್ಲಿ ಸೇರ್ಸಿದ್ಲು. ಒಂದೂವರೆ ತನಕ ಕೂತು ನಾನೇ ಎಲ್ಲಾ ಸರಿ ಮಾಡ್ದೆ. ಪದೇ ಪದೇ ಕೇಳಿದ್ರೆ ನಂಬಿಕೆ ಇಲ್ಲ ಅಂದ್ಕೋತಾರೆ, ಕೇಳ್ದಿದ್ರೆ ಹಿಂಗಾಗುತ್ತೆ. ಏನ್ಮಾಡ್ಲಿ?

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ನೀವು ಏನಂತ ಹೇಳಿ ಕೆಲ್ಸ ಕೊಟ್ರಿ ಅಂತ ಸ್ವಲ್ಪ ನೆನಪು ಮಾಡ್ಕೊಳಿ. "2ಬಿ ಜೊತೆ ಟ್ಯಾಲಿ ಮಾಡಮ್ಮ" ಅಂದಿರ್ತೀರಿ. ಕಾರಿನ ಬಿಲ್ ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳಿಂದ ಪೋರ್ಟಲ್ ಕೊಡೋ ಆ 2ಬಿ ಪಟ್ಟೀಲೂ ಬಂದಿರುತ್ತೆ, ಪರ್ಚೇಸ್ ರಿಜಿಸ್ಟರಲ್ಲೂ ಇರುತ್ತೆ, ಎರಡೂ ಟ್ಯಾಲಿ ಆಯ್ತು, ಅವ್ಳ ಲೆಕ್ಕದಲ್ಲಿ ಕೆಲ್ಸ ಮುಗೀತು. ಕಾರ್ ಮಾರೋರು, ಟ್ಯಾಕ್ಸಿ ಓಡ್ಸೋರು ಅಂಥವ್ರಿಗೆ ಬಿಟ್ರೆ ಅದ್ರ ಇನ್‌ಪುಟ್ ಬರಲ್ಲ ಅನ್ನೋದು ನಿಮ್ಗೆ ಗೊತ್ತು, ಆದ್ರೆ ನೀವು ಕೊಟ್ಟ ಮಾತಲ್ಲಿ ಅದು ಇರ್ಲಿಲ್ಲ.

ನಾನು ಹೊಸಬ್ರಿಗೆ ಕೊಡೋವಾಗ ಕೆಲ್ಸದ ಹೆಸ್ರು ಹೇಳಲ್ಲ, ಮುಗಿದ್ಮೇಲೆ ನನ್ನ ಟೇಬಲ್ ಮೇಲೆ ಏನಿರ್ಬೇಕು ಅಂತ ಹೇಳ್ತೀನಿ. ಹಿಂಗೆ: "17ನೇ ತಾರೀಖು ಸಂಜೆ 5ಕ್ಕೆ ಪ್ರತಿ ಪಾರ್ಟಿಗೂ ಒಂದೊಂದು ಶೀಟ್ ಬೇಕು. ತಗೊಳ್ಳೋ ಇನ್‌ಪುಟ್ ಎಷ್ಟು, 2ಬಿನಲ್ಲಿದ್ರೂ ಬಿಟ್ಟಿರೋ ಬಿಲ್ ಯಾವುದು, ರಿಜಿಸ್ಟರಲ್ಲಿದ್ದು 2ಬಿಗೆ ಬರ್ದಿರೋದು ಯಾವುದು, ಪ್ರತಿಯೊಂದ್ರ ಎದುರು ಕಾರಣ, ಕೊನೇಲಿ ಪಾರ್ಟಿ ಕಟ್ಬೇಕಾದ ದುಡ್ಡು." ಆ "ಬಿಟ್ಟಿರೋ ಬಿಲ್" ಅನ್ನೋ ಕಾಲಮ್ ಇದ್ದಿದ್ರೆ ಯಾವುದನ್ನ ಬಿಡ್ಬೇಕು ಅಂತ ಹುಡುಗಿ ಮೊದಲ್ನೇ ದಿನಾನೇ ಬಂದು ಕೇಳಿರ್ತಿದ್ಲು. ಹೆಂಗೆ ಮಾಡ್ತಾಳೆ, ಎಕ್ಸೆಲ್ಲಲ್ಲೋ ಟ್ಯಾಲಿಯಲ್ಲೋ, ಯಾವ ಪಾರ್ಟಿ ಮೊದ್ಲು, ಅದು ಅವ್ಳಿಗೆ ಬಿಟ್ಟಿದ್ದು.

ಬೆಂಗಳೂರಿನ ಸದಸ್ಯ:
ಸಿಂಪಲ್ ಸರ್, ವಾಟ್ಸಾಪ್ ಗ್ರೂಪ್ ಮಾಡಿ ದಿನಾ ಸಂಜೆ 6ಕ್ಕೆ ಎಲ್ರೂ ಸ್ಟೇಟಸ್ ಹಾಕ್ಬೇಕು ಅಂತ ರೂಲ್ ಮಾಡಿ. ನಮ್ಮಲ್ಲಿ ಹಂಗೇ ನಡೀತಿದೆ, ಯಾರೂ ತಪ್ಪಿಸ್ಕೊಳ್ಳಕ್ಕಾಗಲ್ಲ.

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ಟೈಮ್ ಫಿಕ್ಸ್ ಮಾಡೋದು ಸರಿ, ಅದನ್ನ ಒಪ್ತೀನಿ. ಆದ್ರೆ ಸ್ಟೇಟಸ್ಸಲ್ಲಿ "70% ಡನ್" ಅಂತ ಬರುತ್ತೆ, ಅದಕ್ಕೂ "ಆಗ್ತಿದೆ ಸರ್" ಅನ್ನೋದಕ್ಕೂ ಏನೂ ವ್ಯತ್ಯಾಸ ಇಲ್ಲ. ಮಾತು ಕೇಳ್ಬೇಡಿ, ಮಾಡಿದ ಕೆಲ್ಸ ತೋರ್ಸಕ್ಕೆ ಹೇಳಿ. ಅದೂ ದಿನಾ ಬೇಡ, ತಪ್ಪಾದ್ರೂ ಇನ್ನೂ ತಿದ್ದಕ್ಕೆ ಟೈಮ್ ಇರೋ ಜಾಗದಲ್ಲಿ ಮಾತ್ರ.

ತಿಂಗ್ಳು ತಿಂಗ್ಳು ಫೈಲ್ ಮಾಡೋ ಪಾರ್ಟಿಗಳಿಗೆ ಆ ಜಾಗ ಯಾವುದು ಅಂತ ಕ್ಯಾಲೆಂಡರೇ ಹೇಳುತ್ತೆ. 14ಕ್ಕೆ 2ಬಿ ಬರುತ್ತೆ, 20 ಕೊನೇ ದಿನ. 15ನೇ ತಾರೀಖು ಮಧ್ಯಾಹ್ನ ಒಂದೇ ಒಂದು ಪಾರ್ಟಿದು ಪೂರ್ತಿ ಮುಗ್ಸಿ ತೋರ್ಸು ಅನ್ನಿ. ಆರೂ ಪಾರ್ಟಿದು ಅರ್ಧ ಅರ್ಧ ಬೇಡ, ಒಂದು ಪೂರ್ತಿ. ಪಕ್ಕದಲ್ಲಿ ಕೂತು 15 ನಿಮಿಷ ನೋಡಿ, ಅರ್ಥ ಮಾಡ್ಕೊಂಡಿರೋದು ಸರಿನಾ ಅಂತ ಅಲ್ಲೇ ಗೊತ್ತಾಗುತ್ತೆ, ತಪ್ಪಿದ್ರೂ ಒಂದು ಪಾರ್ಟಿದಷ್ಟೇ ಕೆಟ್ಟಿರುತ್ತೆ. ಎರಡ್ನೇದು 17ರ ಸಂಜೆ, ಯಾಕಂದ್ರೆ 18ಕ್ಕೆ ಪಾರ್ಟಿಗೆ ಫೋನ್ ಮಾಡಿ ಇಷ್ಟು ಕಟ್ಟಿ ಅನ್ಬೇಕಲ್ಲ, ಅಂಕಿ ಹೇಳ್ಬಿಟ್ಟು ಆಮೇಲೆ ಬದಲಾಯ್ಸಿದ್ರೆ ಆಫೀಸಿನ ಮರ್ಯಾದೆ ಹೋಗುತ್ತೆ. ಮೂರ್ನೇದು ಫೈಲ್ ಮಾಡೋ ಮುಂಚೆ. ತಿಂಗ್ಳ ರಿಟರ್ನ್ 3ಬಿ ಒಂದ್ಸಲ ಫೈಲ್ ಆದ್ರೆ ಅದನ್ನ ವಾಪಸ್ ತೆಗ್ದು ತಿದ್ದಕ್ಕಾಗಲ್ಲ, ಏನಿದ್ರೂ ಮುಂದಿನ ತಿಂಗ್ಳಲ್ಲೇ ಸರಿಮಾಡ್ಬೇಕು, ಹಂಗಾಗಿ ಆ ಕೊನೇ ಬಟನ್ ಮಾತ್ರ ಮೂರ್ನಾಲ್ಕು ತಿಂಗ್ಳು ನಿಮ್ಮ ಹತ್ರಾನೇ ಇರ್ಲಿ. ಈ ಮೂರು ದಿನಾನ ಕೆಲ್ಸ ಕೊಡೋವಾಗ್ಲೇ ಹೇಳ್ಬಿಡಿ. ಮೊದ್ಲೇ ಗೊತ್ತಿದ್ರೆ ಯಾರೂ ಅನುಮಾನ ಅಂದ್ಕೊಳ್ಳಲ್ಲ, ಊಟ ಮಾಡ್ತಿರೋವಾಗ ಹಿಂದೆ ಬಂದು "ಎಲ್ಲಿಗೆ ಬಂತು" ಅಂದ್ರೆ ಅಂದ್ಕೋತಾರೆ.

ನಡುವೆ ಸುಮ್ನಿರಿ. ಅದೇ ಕಷ್ಟ, ನಂಗೂ ಎರಡು ವರ್ಷ ಹಿಡೀತು. ಆದ್ರೆ ಒಂದು ಗೆರೆ ಹಾಕ್ಕೊಡಿ: 2ಬಿಗೆ ಬರ್ದಿರೋ ಒಂದೇ ಬಿಲ್ಲಲ್ಲಿ ಟ್ಯಾಕ್ಸ್ 10,000 ದಾಟಿದ್ರೆ ಅವತ್ತೇ ಹೇಳು, 17ರ ತನಕ ಕಾಯ್ಬೇಡ. ಅದಕ್ಕಿಂತ ಕಮ್ಮಿ ಇದ್ರೆ ಸಪ್ಲೈಯರ್‌ಗೆ ಅವ್ಳೇ ಫೋನ್ ಮಾಡ್ಲಿ, ನಿಮ್ಮನ್ನ ಕೇಳೋದೇ ಬೇಡ.

ಪೀಣ್ಯದಿಂದ ಸದಸ್ಯ:
ನಂದು ಮಷೀನ್ ಶಾಪ್, ಜಿಎಸ್‌ಟಿ ಗೊತ್ತಿಲ್ಲ, ಆದ್ರೆ ಮೇಡಂ ಹೇಳ್ತಿರೋ ಒಂದು ಪಾರ್ಟಿ ಪೂರ್ತಿ ಅನ್ನೋದು ನಮ್ಮಲ್ಲಿ ಫಸ್ಟ್ ಪೀಸ್. ಆಪರೇಟರ್ ಸೆಟ್ಟಿಂಗ್ ಮಾಡಿ ಮೊದಲ್ನೇ ಪೀಸ್ ಕೊಡ್ತಾನೆ, ಅಳತೆ ನೋಡಿ ಸೈನ್ ಮಾಡ್ತೀವಿ, ಆಮೇಲೆ ಅವ್ನ ಪಾಡಿಗೆ ಬಿಡ್ತೀವಿ. ನಾನೂ ಹೊಸದ್ರಲ್ಲಿ ಸೈನ್ ಮಾಡ್ದೆ ಬಿಟ್ಟು 200 ಬುಷ್ ಸ್ಕ್ರ್ಯಾಪಿಗೆ ಹೋಯ್ತು, ಬೋರ್ ಎಲ್ಲಾ ಓವರ್‌ಸೈಜ್.

ಮೈಸೂರಿನ ಸದಸ್ಯ:
ಲೇಟ್ ಆಗಿದ್ರೆ ಫೀ ಅವ್ಳ ಸಂಬಳದಲ್ಲಿ ಹಿಡೀರಿ, ದಿನಕ್ಕೆ 50 ರೂಪಾಯಿ ತಾನೆ, ಬುದ್ಧಿ ಬರುತ್ತೆ.

ತುಮಕೂರಿನ ಸದಸ್ಯ:
ಲೇಟ್ ಆಗಿಲ್ಲ ಸರ್, 20ಕ್ಕೇ ಫೈಲ್ ಆಯ್ತು. ಪ್ರಶ್ನೆ ಅದಲ್ಲ.

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ದಯವಿಟ್ಟು ಸಂಬಳಕ್ಕೆ ಕೈ ಹಾಕ್ಬೇಡಿ. ಒಂದ್ಸಲ ಹಿಡಿದ್ರೆ ಮುಂದಿನ ತಪ್ಪನ್ನ ಹುಡುಗಿ ನಿಮ್ಗೆ ತೋರ್ಸಲ್ಲ, ಮುಚ್ಚಿಡ್ತಾಳೆ, ಅದು ನೋಟಿಸ್ ಬಂದಾಗ ಹೊರಗ್ಬರುತ್ತೆ, ಬಡ್ಡಿ ಸಮೇತ.

ಇನ್ನೊಂದು, ಆ ರಾತ್ರಿ ನೀವೇ ಸರಿ ಮಾಡಿದ್ರಲ್ಲ, ಅವತ್ತು ಬೇರೆ ದಾರಿ ಇರ್ಲಿಲ್ಲ, ಒಪ್ತೀನಿ. ಆದ್ರೆ ಏನೇನು ತಿದ್ದಿದ್ರಿ ಅಂತ ಹುಡುಗಿಗೆ ತೋರ್ಸಿದ್ರಾ?

ತುಮಕೂರಿನ ಸದಸ್ಯ:
ಇಲ್ಲ ಮೇಡಂ. ಬೇಜಾರಾಗುತ್ತೆ ಅಂತ ಹೇಳಕ್ಕೆ ಹೋಗ್ಲಿಲ್ಲ.

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ಹಾಗಿದ್ರೆ ಅವ್ಳ ಲೆಕ್ಕದಲ್ಲಿ ಹೋದ ತಿಂಗ್ಳ ಕೆಲ್ಸ ಪಾಸಾಗಿದೆ, ಈ ತಿಂಗ್ಳೂ ಅದೇ ಮಾಡ್ತಾಳೆ. ನಾಳೆ ಬೆಳಿಗ್ಗೆ ಹಳೇ ಶೀಟ್ ಕೊಟ್ಟು "ಇದ್ರಲ್ಲಿ ಒಂದು ಬಿಲ್ ತಗೋಬಾರ್ದಿತ್ತು, ಹುಡ್ಕು" ಅನ್ನಿ. ಹುಡುಕಿದ್ರೆ ಹೋಟೆಲ್ ಬಿಲ್ಲು, ಕಾರಿನ ಇನ್ಶೂರೆನ್ಸು ಬಗ್ಗೇನೂ ಅವ್ಳೇ ಕೇಳ್ತಾಳೆ. ಮೂರು ತಿಂಗ್ಳು ಸತತ ಸರಿ ಬಂದ್ರೆ 15ನೇ ತಾರೀಖಿನ ಚೆಕ್ ತೆಗೀರಿ, ತೆಗ್ದಿದ್ದೀನಿ ಅಂತ ಬಾಯ್ಬಿಟ್ಟು ಹೇಳಿ. ಆದ್ರೆ ಅದು ಆ 6 ಪಾರ್ಟಿಗಳಿಗೆ ಮಾತ್ರ, ಎಕ್ಸ್‌ಪೋರ್ಟ್ ಮಾಡೋ ಪಾರ್ಟಿ ಕೊಟ್ರೆ ಮತ್ತೆ ಮೊದ್ಲಿಂದ.

ತುಮಕೂರಿನ ಸದಸ್ಯ:
ಥ್ಯಾಂಕ್ಸ್ ಮೇಡಂ, ನಾಳೇನೇ ಮಾಡ್ತೀನಿ. ಇನ್ನೊಂದು ತಲೆನೋವಿದೆ. ಟೀಮಲ್ಲಿ 52 ವರ್ಷದ ಒಬ್ರು ಅಣ್ಣ ಇದ್ದಾರೆ, ನಂಗೆ ಟ್ಯಾಲಿ ಕಲಿಸಿದ್ದೇ ಅವ್ರು. ಮೊನ್ನೆ ಶೀಟ್ ಕೇಳಿದ್ದಕ್ಕೆ "ಈಗ ನೀನು ನನ್ನ ಲೆಕ್ಕ ನೋಡ್ತೀಯೇನಪ್ಪ" ಅಂದ್ರು. ಅವತ್ತಿಂದ ಕೇಳೇ ಇಲ್ಲ.

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ಅವ್ರ ಕೆಲ್ಸಕ್ಕೆ 15ರ ಚೆಕ್ ಬೇಡ. ಫೈಲ್ ಮುಂಚೆ ಇನ್‌ಪುಟ್ ಮತ್ತೆ ಕಟ್ಟೋ ದುಡ್ಡು, ಈ ಎರಡು ಅಂಕಿ ಸಾಕು. ಅದನ್ನೂ "ಅಣ್ಣ, ಸಹಿ ನಂದಿರುತ್ತೆ, ಯಾವತ್ತು ಕೂತ್ಕೊಳ್ಳೋಣ ನೀವೇ ಹೇಳಿ" ಅಂತ ಕೇಳಿ ನೋಡಿ.

ಪೀಣ್ಯದಿಂದ ಸದಸ್ಯ:
ನಾನಾಗಿದ್ರೆ ಎಲ್ರಿಗೂ ಒಂದೇ ರೂಲ್. ಹಳಬ್ರು ಅಂತ ಬಿಟ್ರೆ ಹೊಸಬ್ರು ಅದನ್ನೇ ನೋಡ್ತಾರೆ, 25 ವರ್ಷದ ಆಪರೇಟರೂ ನಮ್ಮಲ್ಲಿ ಫಸ್ಟ್ ಪೀಸ್ ತೋರ್ಸ್ತಾನೆ.

ದಾವಣಗೆರೆಯ ಅಕೌಂಟ್ಸ್ ಮ್ಯಾನೇಜರ್:
ಕಲಿಸಿದವ್ರ ಹತ್ರ ಹಂಗೆ ಹೋಗಕ್ಕೆ ನಂಗೆ ಮನಸ್ಸು ಬರಲ್ಲ ಸರ್. ಮೊದ್ಲು ಅಣ್ಣ ಏನಂತಾರೆ ನೋಡೋಣ, ಈ ತಿಂಗ್ಳು 20 ಆದ್ಮೇಲೆ ಇಲ್ಲೇ ಬಂದು ಹೇಳಿ.